ಬೆರಳು ತಾಗಿದ ಮೇಲೆ ದನಿ ಕೇಳುವ ತನಕ

ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆಪ್ ದನಿ ನುಡಿಸಲು ಆಜ್ಞೆ ಕೊಟ್ಟ ಕ್ಷಣಕ್ಕೂ ಆ ದನಿ ಸ್ಪೀಕರಿನಿಂದ ಹೊರಬೀಳುವ ಕ್ಷಣಕ್ಕೂ ನಡುವೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಇದಕ್ಕೆ ಆಡಿಯೋ ಲೇಟೆನ್ಸಿ ಎಂದು ಹೆಸರು. ಇದನ್ನು ಅಳೆಯುವುದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ. ಹಾಡು ಕೇಳುವವರಿಗೆ ಇದರ ಗೊಡವೆಯೇ ಇಲ್ಲ. ಪ್ಲೇ ಬಟನ್ ಒತ್ತಿ ಕಾಲು ಸೆಕೆಂಡ್ ಕಳೆದು ಹಾಡು ಶುರುವಾದರೆ ಯಾರೂ ಗಮನಿಸುವುದಿಲ್ಲ. ಸಿನಿಮಾ ನೋಡುವವರಿಗೂ ಚಿಂತೆಯಿಲ್ಲ. ದನಿ ಎಷ್ಟು ತಡವಾಗುತ್ತದೆ ಎಂದು ಪ್ಲೇಯರಿಗೆ ಗೊತ್ತಿದ್ದರೆ ಅದು ಚಿತ್ರವನ್ನೂ ಅಷ್ಟೇ ತಡೆದು ತೋರಿಸುತ್ತದೆ, ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದಿಲ್ಲ. ತಾಳಕ್ಕೆ ಸರಿಯಾಗಿ ಬೆರಳು ಬೀಳಬೇಕಾದ ರಿದಮ್ ಗೇಮ್‌ಗಳಲ್ಲಿ ಮಾತ್ರ ಈ ಚಿಕ್ಕ ತಡವೇ ಆಟವನ್ನು ಕೆಡಿಸಿಬಿಡುತ್ತದೆ.

ರಿದಮ್ ಗೇಮಿನ ನಿಯಮ ಸರಳ. ಹಾಡು ಕೇಳುತ್ತಿರುವಂತೆ ಪರದೆಯ ಮೇಲೆ ನೋಟ್‌ಗಳು ಒಂದರ ಹಿಂದೊಂದು ಬರುತ್ತವೆ. ಪ್ರತಿ ನೋಟ್ ತನ್ನ ಗುರುತು ತಲುಪಿದ ಗಳಿಗೆಯಲ್ಲೇ ಅದನ್ನು ಮುಟ್ಟಬೇಕು. ಜಪಾನಿನ ಕೊನಾಮಿ ಕಂಪನಿ 1997ರಲ್ಲಿ ಆರ್ಕೇಡ್ ಯಂತ್ರಗಳಿಗೆಂದು ತಂದ ಬೀಟ್‌ಮೇನಿಯಾ ಈ ಬಗೆಯ ಆಟಗಳಿಗೆ ದಾರಿ ಮಾಡಿದವುಗಳಲ್ಲಿ ಒಂದು. ಫೋನಿನ ಕಾಲಕ್ಕೆ ಬಂದರೆ ತೈವಾನಿನ ರಯಾರ್ಕ್ ಕಂಪನಿಯ ಸೈಟಸ್ ಮತ್ತು ಡೀಮೋ, ಆಮೇಲೆ ಆರ್ಕೇಯಾ ಮೊದಲಾದವು ಹೆಸರು ಮಾಡಿವೆ. ಎಲ್ಲದರಲ್ಲೂ ಆಟಗಾರನಿಗೆ ಅಂಕ ಬೀಳುವುದು ಒಂದೇ ಲೆಕ್ಕದ ಮೇಲೆ: ಬೆರಳು ಬಿದ್ದ ಹೊತ್ತಿಗೂ ನೋಟಿನ ನಿಜವಾದ ಹೊತ್ತಿಗೂ ಅಂತರ ಎಷ್ಟು?

ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಹೊರತಂದ 'ಒಸು' ಆಟದ ಲೆಕ್ಕ ಬಹಿರಂಗವಾಗಿಯೇ ಇದೆ, ಆದ್ದರಿಂದ ಅದನ್ನೇ ಬಿಡಿಸಿ ನೋಡಬಹುದು. ಅದರಲ್ಲಿ ಪ್ರತಿ ಹಾಡಿಗೂ ಎಷ್ಟು ಬಿಗಿಯಾಗಿ ಅಂಕ ಕೊಡಬೇಕು ಎಂಬುದನ್ನು 0ರಿಂದ 10ರೊಳಗಿನ ಒಂದು ಅಂಕಿ ಹೇಳುತ್ತದೆ. ಆ ಅಂಕಿ 8 ಎಂದಿಟ್ಟುಕೊಳ್ಳೋಣ. ನುರಿತವರು ಆಡುವ ಹಾಡುಗಳಲ್ಲಿ ಇದು ಮಾಮೂಲು. ಆಗ ನೋಟಿಗಿಂತ 32 ಮಿಲಿಸೆಕೆಂಡ್ ಆಚೀಚೆ ಒಳಗೆ ಮುಟ್ಟಿದರೆ ಪೂರ್ತಿ 300 ಅಂಕ. 76ರೊಳಗಿದ್ದರೆ 100, 120ರೊಳಗಿದ್ದರೆ 50. ಅದನ್ನೂ ಮೀರಿದರೆ ಏನೂ ಇಲ್ಲ.

ಈಗ ದನಿ 80 ಮಿಲಿಸೆಕೆಂಡ್ ತಡವಾಗಿ ಬರುವ ಫೋನೊಂದನ್ನು ಕೈಗೆ ಕೊಟ್ಟರೆ ಏನಾಗುತ್ತದೆ? ಕಿವಿ ಚುರುಕಾಗಿರುವ ಆಟಗಾರ ಹಾಡನ್ನು ಕೇಳಿಕೊಂಡೇ ಬೆರಳು ಹಾಕುತ್ತಾನೆ. ತಾನು ಕೇಳಿದ ಪೆಟ್ಟಿಗೆ ಅವನ ಬೆರಳು ಒಂದು ಕೂದಲೆಳೆಯೂ ತಪ್ಪದೆ ಬಿದ್ದಿದೆ. ಆದರೆ ಆಟದ ಗಡಿಯಾರದಲ್ಲಿ ಆ ನೋಟ್ 80 ಮಿಲಿಸೆಕೆಂಡ್ ಹಿಂದೆಯೇ ಮುಗಿದುಹೋಗಿದೆ. 76ರ ಗೆರೆಯನ್ನೂ ದಾಟಿರುವುದರಿಂದ ಪ್ರತಿ ಸಲವೂ ಸಿಗುವುದು 50 ಮಾತ್ರ. ಹಾಡಿನ ವೇಗ ನಿಮಿಷಕ್ಕೆ 180 ಪೆಟ್ಟಾಗಿದ್ದು ಒಂದೊಂದು ಪೆಟ್ಟನ್ನೂ ನಾಲ್ಕಾಗಿ ಒಡೆದಿದ್ದರೆ ಎರಡು ನೋಟ್‌ಗಳ ನಡುವಿನ ಅಂತರ ಸುಮಾರು 83 ಮಿಲಿಸೆಕೆಂಡ್. ಅಂದರೆ ಈ ಫೋನಿನಲ್ಲಿ ಆಟಗಾರ ಹೆಚ್ಚುಕಡಿಮೆ ಇಡೀ ಒಂದು ನೋಟಿನಷ್ಟು ಹಿಂದೆ ಬಿದ್ದಿರುತ್ತಾನೆ. ಕಣ್ಣನ್ನು ನಂಬಿ ಆಡಿದರೆ ಅಂಕವೇನೋ ಬರುತ್ತದೆ, ಆದರೆ ಹಾಡು ಒಂದು ಕಡೆ, ಕೈ ಒಂದು ಕಡೆ. ಅಂಥ ಆಟಕ್ಕೆ ಹಾಡು ಬೇಕಾಗಿಯೇ ಇಲ್ಲ.

ಇದಕ್ಕೆ ಎಲ್ಲ ಆಟಗಳೂ ಕೊಡುವ ಮದ್ದು ಕ್ಯಾಲಿಬ್ರೇಷನ್. ಸೆಟ್ಟಿಂಗ್ಸ್ ಪುಟದಲ್ಲಿ ಟಿಕ್ ಟಿಕ್ ಎಂದು ಒಂದೇ ಸಮನೆ ಪೆಟ್ಟು ಕೇಳಿಸುತ್ತದೆ, ಆಟಗಾರ ಅದಕ್ಕೆ ಸರಿಯಾಗಿ ಮುಟ್ಟುತ್ತಾ ಹೋಗಬೇಕು. ಬೆರಳು ಸರಾಸರಿ ಎಷ್ಟು ತಡವಾಗಿ ಬೀಳುತ್ತದೆ ಎಂದು ಆಟ ಲೆಕ್ಕ ಹಾಕಿಕೊಂಡು ನೋಟ್‌ಗಳನ್ನೂ ಅಂಕದ ಲೆಕ್ಕವನ್ನೂ ಅಷ್ಟೇ ಹಿಂದಕ್ಕೆ ಸರಿಸುತ್ತದೆ. ಈ ಸರಿಸುವ ಮೊತ್ತಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಹಾಡು ಮುಂದೆ ಹೇಗೆ ಸಾಗುತ್ತದೆ ಎಂಬುದು ಆಟಕ್ಕೆ ಮೊದಲೇ ಗೊತ್ತಿರುವುದರಿಂದ ಇದು ಸಾಧ್ಯ. 80 ಮಿಲಿಸೆಕೆಂಡ್ ತಡವಿದ್ದರೂ ಅದು ಯಾವಾಗಲೂ 80 ಆಗಿಯೇ ಇದ್ದರೆ ಹಾಡಿನ ಮಟ್ಟಿಗೆ ತೊಂದರೆ ಅಲ್ಲಿಗೆ ಮುಗಿಯಿತು.

ಒಂದು ವಿಚಿತ್ರವನ್ನು ಇಲ್ಲೇ ಹೇಳಬೇಕು. ಒಂದೇ ಸಮನಾದ ಪೆಟ್ಟಿಗೆ ಬೆರಳು ಹಾಕಲು ಹೇಳಿದರೆ ಬಹಳಷ್ಟು ಜನ ಪೆಟ್ಟು ಬೀಳುವುದಕ್ಕಿಂತ ಕೆಲವು ಹತ್ತು ಮಿಲಿಸೆಕೆಂಡ್ ಮುಂಚೆಯೇ ಬೆರಳು ಊರುತ್ತಾರೆ. ಅವರಿಗೆ ಅದು ಗೊತ್ತಾಗುವುದೂ ಇಲ್ಲ. ತಾಳದ ಅಭ್ಯಾಸ ಇರುವ ಸಂಗೀತಗಾರರಲ್ಲಿ ಈ ಆತುರ ಕಡಿಮೆ. ಹಾಗಾಗಿ ಕ್ಯಾಲಿಬ್ರೇಷನ್‌ನಲ್ಲಿ ಸಿಗುವ ಅಂಕಿ ಫೋನಿನ ತಡವೊಂದೇ ಅಲ್ಲ, ಅದರೊಳಗೆ ಆ ಆಟಗಾರನ ಕೈಗುಣವೂ ಸೇರಿಕೊಂಡಿದೆ. ಅದೇ ಮಾದರಿಯ ಫೋನ್ ಇರುವ ಗೆಳೆಯನ ಆಫ್‌ಸೆಟ್ ನಕಲು ಮಾಡಿಕೊಂಡರೆ ಸರಿಹೊಂದದೇ ಇರುವುದು ಇದಕ್ಕೇ.

ಕ್ಯಾಲಿಬ್ರೇಷನ್ ಕೈಲಾಗದ ಜಾಗ ಬೇರೆ ಇದೆ. ಬಹುಪಾಲು ರಿದಮ್ ಗೇಮ್‌ಗಳಲ್ಲಿ ನೋಟನ್ನು ಮುಟ್ಟಿದಾಗ ಚಪ್ಪಾಳೆಯದೋ ಡ್ರಮ್ಮಿನದೋ ಒಂದು ಸದ್ದು ಬರುತ್ತದೆ. ಕೆಲವು ಆಟಗಳಲ್ಲಿ ಮುಟ್ಟಿದಾಗಲೇ ಹಾಡಿನ ಆ ಸ್ವರ ಹುಟ್ಟುತ್ತದೆ. ಆಟಗಾರನೇ ವಾದ್ಯ ನುಡಿಸಿದ ಹಾಗೆ. ಹಾಡನ್ನು ಬೇಕಾದರೆ 80 ಮಿಲಿಸೆಕೆಂಡ್ ಮೊದಲೇ ಹೊರಡಿಸಬಹುದು. ಆದರೆ ಬೆರಳು ಯಾವಾಗ ಬೀಳುತ್ತದೆಂದು ಯಾವ ಪ್ರೋಗ್ರಾಮಿಗೂ ಮುಂಚೆ ಗೊತ್ತಿಲ್ಲ. ಮುಟ್ಟಿದ ಮೇಲಷ್ಟೇ ಸದ್ದು ಹೊರಡಬೇಕು, ಹೊರಟದ್ದು 80 ಮಿಲಿಸೆಕೆಂಡ್ ಆದ ಮೇಲಷ್ಟೇ ಕಿವಿಗೆ ಬೀಳಬೇಕು. ಬೆರಳಿನ ಸದ್ದು ಹಾಡಿನ ತಾಳದ ಹಿಂದೆ ಕುಂಟುತ್ತಾ ಬರುತ್ತದೆ. ಕೇಳಿದವನು ತಾನು ತಡಮಾಡಿದೆ ಎಂದುಕೊಂಡು ಮುಂದಿನ ನೋಟಿಗೆ ಆತುರಪಡುತ್ತಾನೆ, ಆಗ ಸರಿಯಿದ್ದ ಕೈಯೂ ತಪ್ಪುತ್ತದೆ. ಈ ತಡವನ್ನು ಸೆಟ್ಟಿಂಗ್ಸ್‌ನಿಂದ ಮರೆಮಾಚಲು ಬರುವುದಿಲ್ಲ. ಫೋನೇ ಅದನ್ನು ಕಡಿಮೆ ಮಾಡಬೇಕು. ಲೋ ಲೇಟೆನ್ಸಿ ಆಡಿಯೋ ಬೇಕೆಂದು ಆಟ ತಯಾರಿಸುವವರು ಪಟ್ಟು ಹಿಡಿಯುವುದು ಮುಖ್ಯವಾಗಿ ಇದಕ್ಕಾಗಿ.

ತಡ ಹುಟ್ಟುವುದು ಎಲ್ಲಿ ಎಂಬುದನ್ನು ನೋಡಲು ದನಿಯ ದಾರಿಯನ್ನು ಹಿಡಿದು ಹೋಗಬೇಕು. ಡಿಜಿಟಲ್ ದನಿ ಎಂದರೆ ಅಂಕಿಗಳ ಸಾಲು. ಇಂದಿನ ಫೋನ್‌ಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಂಕಿಗಳು, ಅಂದರೆ ಸ್ಯಾಂಪಲ್‌ಗಳು. ಆಪ್ ಇವನ್ನು ಆಂಡ್ರಾಯ್ಡಿನ ಆಡಿಯೋಫ್ಲಿಂಗರ್ ಎಂಬ ವ್ಯವಸ್ಥೆಗೆ ಒಪ್ಪಿಸುತ್ತದೆ. ಅದು ಬೇರೆ ಬೇರೆ ಆಪ್‌ಗಳ ದನಿಗಳನ್ನು, ಆಟದ ಹಾಡು, ಮೆಸೇಜಿನ ಟಣ್ ಎಂಬ ಸದ್ದು ಎಲ್ಲವನ್ನೂ ಬೆರೆಸಿ ಒಂದು ಮಾಡುತ್ತದೆ. ಬೆರೆತದ್ದು ಫೋನ್ ತಯಾರಕರು ಬರೆದ ತಂತ್ರಾಂಶದ ಮೂಲಕ ಆಡಿಯೋ ಚಿಪ್‌ಗೆ ಹೋಗಿ, ಅಲ್ಲಿ ವಿದ್ಯುತ್ ಅಲೆಯಾಗಿ ಬದಲಾಗಿ ಸ್ಪೀಕರನ್ನು ಅಲುಗಿಸುತ್ತದೆ.

ಈ ದಾರಿಯಲ್ಲಿ ಸ್ಯಾಂಪಲ್‌ಗಳು ಒಂದೊಂದಾಗಿ ಸಾಗುವುದಿಲ್ಲ, ಕಂತು ಕಂತಾಗಿ ಸಾಗುತ್ತವೆ. ಕಂತು ಸೇರುವ ಜಾಗವೇ ಬಫರ್. ದಿನಕ್ಕೊಮ್ಮೆ ನಲ್ಲಿ ಬರುವ ಮನೆಯ ನೀರಿನ ತೊಟ್ಟಿಯ ಕೆಲಸವೇ ಇದರದ್ದೂ. ತೊಟ್ಟಿ ದೊಡ್ಡದಾದಷ್ಟೂ ನೀರು ನಿಂತುಹೋಗುವ ಭಯ ಕಡಿಮೆ, ಆದರೆ ಇವತ್ತು ತುಂಬಿದ ನೀರು ಕೈಗೆ ಬರಬೇಕಾದರೆ ಹಳೆಯದೆಲ್ಲ ಖಾಲಿಯಾಗಬೇಕು. 960 ಸ್ಯಾಂಪಲ್‌ಗಳ ಬಫರ್ ಎಂದರೆ 48,000ದ ಲೆಕ್ಕದಲ್ಲಿ 20 ಮಿಲಿಸೆಕೆಂಡ್. 192 ಸ್ಯಾಂಪಲ್ ಆದರೆ ಬರೀ 4. ಹಾಗಾದರೆ ಎಲ್ಲ ಕಡೆ ಚಿಕ್ಕದನ್ನೇ ಇಟ್ಟರಾಯಿತಲ್ಲ? ಆಗ ಪ್ರೊಸೆಸರ್ ಪ್ರತಿ 4 ಮಿಲಿಸೆಕೆಂಡಿಗೆ ಒಮ್ಮೆ ತಪ್ಪದೆ ಎದ್ದು ಬಫರ್ ತುಂಬಬೇಕು. ಬೇರೆ ಕೆಲಸದ ಗಡಿಬಿಡಿಯಲ್ಲಿ ಒಂದು ಸಲ ತಪ್ಪಿದರೂ ಸ್ಪೀಕರಿಗೆ ಕೊಡಲು ಏನೂ ಉಳಿಯದೆ ದನಿ ಚಟ್ ಎಂದು ಹರಿಯುತ್ತದೆ. ಬ್ಯಾಟರಿಯೂ ಬೇಗ ಮುಗಿಯುತ್ತದೆ. ಪರದೆ ಆರಿಸಿ ಹಾಡು ಕೇಳುವವರಿಗಾಗಿ ಫೋನ್‌ಗಳು ಬೇಕೆಂದೇ ದೊಡ್ಡ ಬಫರ್ ಬಳಸುವುದು ಈ ಕಾರಣಕ್ಕೆ.

ಆಂಡ್ರಾಯ್ಡಿನ ಮೊದಲ ವರ್ಷಗಳಲ್ಲಿ ಎಲ್ಲ ದನಿಗೂ ಇದೊಂದೇ ನಿಧಾನದ ದಾರಿ ಇತ್ತು. ಒಂದೇ ಕಂಪನಿ ಫೋನನ್ನೂ ತಂತ್ರಾಂಶವನ್ನೂ ತಯಾರಿಸುವ ಐಫೋನಿನಲ್ಲಿ ಪಿಯಾನೋ, ಡ್ರಮ್ ಆಪ್‌ಗಳು ಬೆರಳಿಗೆ ತಕ್ಕಂತೆ ನುಡಿಯುತ್ತಿದ್ದರೆ ಆಂಡ್ರಾಯ್ಡಿನವರು ಕಾಯುತ್ತ ಕೂರಬೇಕಿತ್ತು. 2012ರ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ ಫಾಸ್ಟ್ ಮಿಕ್ಸರ್ ಎಂಬ ಬೇರೊಂದು ದಾರಿ ತೆರೆಯಿತು. ಇದರ ಬಫರ್ ಚಿಕ್ಕದು, ಪ್ರೊಸೆಸರಿನಲ್ಲಿ ಇದರ ಕೆಲಸಕ್ಕೆ ಮೊದಲ ಮಣೆ. ಆದರೆ ಈ ದಾರಿಗೆ ಷರತ್ತುಗಳಿವೆ. ಅದರಲ್ಲಿ ಸ್ಯಾಂಪಲ್‌ಗಳ ವೇಗ ಬದಲಿಸುವ ಏರ್ಪಾಡಿಲ್ಲ. ಫೋನಿನ ಸ್ವಂತ ವೇಗ 48,000 ಆಗಿದ್ದು, ಸಿಡಿಯ ಕಾಲದಿಂದ ರೂಢಿಯಲ್ಲಿರುವ 44,100ರ ಫೈಲನ್ನು ಆಟ ಹಾಗೆಯೇ ಕೊಟ್ಟರೆ ಅದು ಸದ್ದಿಲ್ಲದೆ ಹಳೆಯ ದಾರಿಗೆ ಹೋಗಿಬಿಡುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ದನಿ ಸೊಗಸಾಗಿಯೇ ಕೇಳುತ್ತದೆ, ತಡವಾಗಿ ಕೇಳುತ್ತದೆ ಅಷ್ಟೇ. ಎಷ್ಟೋ ಆಟಗಳು ಒಂದು ಫೋನಿನಲ್ಲಿ ಚುರುಕಾಗಿ, ಇನ್ನೊಂದರಲ್ಲಿ ಮಂಕಾಗಿ ನಡೆಯಲು ಇಂಥ ಸಣ್ಣ ಸಂಗತಿಯೇ ಸಾಕು.

2017ರ ಆಂಡ್ರಾಯ್ಡ್ 8ರಲ್ಲಿ ಎಆಡಿಯೋ ಎಂಬ ಹೊಸ ಸೌಕರ್ಯ ಬಂತು. ತಯಾರಕರು ಅದಕ್ಕೆ ಬೇಕಾದ ಬೆಂಬಲ ಕೊಟ್ಟಿರುವ ಫೋನಿನಲ್ಲಿ ಆಟವು ಆಡಿಯೋಫ್ಲಿಂಗರಿನ ಬೆರಕೆಯನ್ನೇ ಬದಿಗಿಟ್ಟು, ಆಡಿಯೋ ಯಂತ್ರಾಂಶ ಓದುವ ಮೆಮೊರಿಗೇ ನೇರವಾಗಿ ಬರೆಯಬಹುದು. ಹಳೆಯ ಫೋನ್‌ಗಳಿಗೆ ಒಂದು ಬಗೆ, ಹೊಸದಕ್ಕೆ ಇನ್ನೊಂದು ಬಗೆ ಎಂದು ಎರಡೆರಡು ಸಲ ಪ್ರೋಗ್ರಾಮ್ ಬರೆಯುವ ಕಷ್ಟ ತಪ್ಪಿಸಲು ಗೂಗಲ್ ಓಬೋ ಎಂಬ ಉಚಿತ ಲೈಬ್ರರಿಯನ್ನೂ ಕೊಟ್ಟಿತು. ಯಾವ ಫೋನಿನಲ್ಲಿ ಯಾವ ದಾರಿ ಒಳ್ಳೆಯದೆಂದು ಓಬೋ ತಾನೇ ಆರಿಸುತ್ತದೆ. ಕೇಳಿಕೊಂಡರೆ ಸ್ಯಾಂಪಲ್ ವೇಗವನ್ನೂ ತಾನೇ ಹೊಂದಿಸಿಕೊಡುತ್ತದೆ. ಗೂಗಲ್ 2021ರಲ್ಲಿ ಹೇಳಿದ ಲೆಕ್ಕದಂತೆ, ಹೆಚ್ಚು ಬಳಕೆಯಲ್ಲಿರುವ ಆಂಡ್ರಾಯ್ಡ್ ಫೋನ್‌ಗಳಲ್ಲಿ ದನಿ ಮೈಕಿನಿಂದ ಒಳಬಂದು ಮತ್ತೆ ಹೊರಹೋಗಲು ಹಿಡಿಯುವ ಸರಾಸರಿ ಸಮಯ 2017ರಲ್ಲಿ 109 ಮಿಲಿಸೆಕೆಂಡ್ ಇದ್ದದ್ದು 39ಕ್ಕೆ ಇಳಿದಿತ್ತು. ಇದು ಒಳಕ್ಕೂ ಹೊರಕ್ಕೂ ಸೇರಿದ ಲೆಕ್ಕ. ಆಟಕ್ಕೆ ಬೇಕಾದ ಹೊರದಾರಿ ಅದರ ಒಂದು ಪಾಲು ಮಾತ್ರ.

ಫೋನ್ ಚೆನ್ನಾಗಿದ್ದರೂ ಆಟವೇ ತಡವನ್ನು ಹೊತ್ತು ತರಬಹುದು. ಮುಟ್ಟಿದ ಸದ್ದಿನ ಲೆಕ್ಕವನ್ನು ಅಂದಾಜಿಗೆ ಹೀಗೆ ಕೂಡಿಸಬಹುದು. ಪರದೆ ಸೆಕೆಂಡಿಗೆ 120 ಸಲ ಬೆರಳನ್ನು ಹುಡುಕುತ್ತದಾದರೆ ಸರಾಸರಿ 4 ಮಿಲಿಸೆಕೆಂಡ್. ಸೆಕೆಂಡಿಗೆ 60 ಚಿತ್ರ ಬಿಡಿಸುವ ಆಟ ಪ್ರತಿ ಚಿತ್ರಕ್ಕೆ ಒಮ್ಮೆ ಮಾತ್ರ ಬೆರಳಿನ ಸುದ್ದಿ ಕೇಳುವುದರಿಂದ ಸರಾಸರಿ 8. ಯೂನಿಟಿಯಂಥ ಗೇಮ್ ಎಂಜಿನ್ ತನ್ನದೇ 1,024 ಸ್ಯಾಂಪಲ್‌ಗಳ ಬಫರ್ ಇಟ್ಟುಕೊಂಡರೆ 21. ಆಂಡ್ರಾಯ್ಡಿನ ನಿಧಾನದ ದಾರಿಯಲ್ಲಿ 20ರಂತೆ ಎರಡು ಬಫರ್, ಒಟ್ಟು 40. ಚಿಪ್ ಮತ್ತು ಸ್ಪೀಕರಿನ ಕಡೆಗೆ ಒಂದು 10. ಎಲ್ಲ ಸೇರಿ 83. ಅದೇ ಆಟ ಎಂಜಿನ್ ಬಫರನ್ನು 256ಕ್ಕೆ ಇಳಿಸಿ, ವೇಗದ ದಾರಿಯಲ್ಲಿ 192ರ ಎರಡು ಬಫರ್ ಹಿಡಿದರೆ 21ರ ಜಾಗದಲ್ಲಿ 5, 40ರ ಜಾಗದಲ್ಲಿ 8. ಮೊತ್ತ 35ಕ್ಕೆ ಇಳಿಯುತ್ತದೆ. ಹೊಸ ಫೋನ್ ಕೊಳ್ಳದೆಯೇ ಸಿಕ್ಕ ಲಾಭ ಇದು.

ಮೊದಲ ಎರಡು ಬಾಬ್ತು, ಬೆರಳನ್ನು ಗುರುತಿಸುವ 4 ಮತ್ತು 8, ಸದ್ದನ್ನು ತಡಮಾಡುತ್ತವೆ. ಆದರೆ ಅಂಕವನ್ನು ಕೆಡಿಸಬೇಕಾಗಿಲ್ಲ. ಪ್ರತಿ ಸ್ಪರ್ಶದ ಜೊತೆಗೂ ಅದು ನಡೆದ ಹೊತ್ತನ್ನು ಆಂಡ್ರಾಯ್ಡ್ ಬರೆದುಕೊಡುತ್ತದೆ. ಒಳ್ಳೆಯ ಆಟ ಆ ಮುದ್ರೆಯನ್ನು ನೋಡಿ ಅಂಕ ಹಾಕುತ್ತದೆ. ಸೋಮಾರಿ ಆಟ ತಾನು ಸುದ್ದಿ ಓದಿದ ಹೊತ್ತನ್ನೇ ಸ್ಪರ್ಶದ ಹೊತ್ತು ಎಂದುಕೊಳ್ಳುತ್ತದೆ, ಆಗ ಚಿತ್ರ ತಡವರಿಸಿದಾಗಲೆಲ್ಲ ಅಂಕವೂ ತಡವರಿಸುತ್ತದೆ. ಹಾಡು ಎಲ್ಲಿಗೆ ಬಂದಿದೆ ಎಂದು ತಿಳಿಯುವುದರಲ್ಲೂ ಇದೇ ಕಥೆ. ಆಡಿಯೋ ವ್ಯವಸ್ಥೆ ಕೊಡುವ ಸಮಯದ ಮುದ್ರೆಯನ್ನು ಹಿಡಿದರೆ ಲೆಕ್ಕ ಬಿಗಿಯಾಗಿರುತ್ತದೆ. ಬಿಡಿಸಿದ ಚಿತ್ರಗಳನ್ನು ಎಣಿಸಿ ಹಾಡಿನ ಹೊತ್ತು ಊಹಿಸಿದರೆ ನಾಲ್ಕು ಚಿತ್ರ ತಪ್ಪಿದ ಕೂಡಲೇ ಹಾಡಿಗೂ ನೋಟಿಗೂ ಸಂಬಂಧ ಹರಿಯುತ್ತದೆ.

ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ: ಒಂದೇ ಸಮನಾದ 60 ಮಿಲಿಸೆಕೆಂಡ್ ತಡಕ್ಕಿಂತ 20ರಿಂದ 60ರ ನಡುವೆ ಓಲಾಡುವ ತಡ ಕೆಟ್ಟದ್ದು. ಓಲಾಟಕ್ಕೆ ಜಿಟರ್ ಎನ್ನುತ್ತಾರೆ. ಯಾವ ಆಫ್‌ಸೆಟ್ ಇಟ್ಟರೂ ಕೆಲವು ನೋಟ್ ಬೇಗ, ಕೆಲವು ತಡ. ಮಲಗಿದ್ದ ಆಡಿಯೋ ಚಿಪ್ ಎಚ್ಚರಗೊಳ್ಳಲೂ ಹೆಚ್ಚಿನ ಸಮಯ ಬೇಕು. ಮೊದಲ ಸದ್ದು ಮಾತ್ರ ವಿಪರೀತ ತಡವಾಗುವುದು ಇದರಿಂದ. ತಿಳಿದ ಪ್ರೋಗ್ರಾಮರ್‌ಗಳು ಏನೂ ನುಡಿಸದ ಹೊತ್ತಿನಲ್ಲೂ ಸೊನ್ನೆಗಳನ್ನೇ ಕಳಿಸುತ್ತಾ ದಾರಿಯನ್ನು ತೆರೆದಿಟ್ಟಿರುತ್ತಾರೆ.

ಇಷ್ಟೆಲ್ಲ ಉಳಿಸಿದ್ದನ್ನು ಒಂದೇ ಏಟಿಗೆ ನೀರುಪಾಲು ಮಾಡುವುದು ಬ್ಲೂಟೂತ್. ಸಾಮಾನ್ಯ ಬ್ಲೂಟೂತ್ ಇಯರ್‌ಬಡ್‌ಗೆ ಹೋಗುವ ದನಿಯನ್ನು ಫೋನ್ ಮೊದಲು ಕುಗ್ಗಿಸಿ ಪೊಟ್ಟಣ ಕಟ್ಟಬೇಕು. ಇಯರ್‌ಬಡ್ ಅದನ್ನು ಬಿಚ್ಚಬೇಕು. ನಡುವೆ ರೇಡಿಯೋ ಸಂಪರ್ಕ ತುಂಡಾದರೂ ದನಿ ನಿಲ್ಲದಿರಲೆಂದು ಅದರೊಳಗೂ ಒಂದು ಬಫರ್ ಇರುತ್ತದೆ. ಎಲ್ಲ ಸೇರಿ 150ರಿಂದ 250 ಮಿಲಿಸೆಕೆಂಡ್ ಆಗುವುದು ಸಾಮಾನ್ಯ. ಮೇಲಿನ 'ಒಸು' ಲೆಕ್ಕದಲ್ಲಿ ಕನಿಷ್ಠ ಅಂಕದ ಗೆರೆಯೇ 120. ವಿಡಿಯೋ ನೋಡುವಾಗ ಪ್ಲೇಯರ್ ಚಿತ್ರವನ್ನೂ ತಡೆದು ಹೊಂದಿಸುವುದರಿಂದ ಅದೇ ಇಯರ್‌ಬಡ್‌ನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹಾಗಾಗಿ ತಪ್ಪು ಆಟದ್ದೇ ಎಂದು ಜನ ನಂಬುತ್ತಾರೆ. ಇಯರ್‌ಬಡ್‌ಗಳ 'ಗೇಮಿಂಗ್ ಮೋಡ್' ತಡವನ್ನು ಕಡಿಮೆ ಮಾಡುವುದು ನಿಜ, ಆದರೆ ಬಫರ್ ಕಿರಿದಾದಷ್ಟೂ ದನಿ ಕಡಿದು ಕಡಿದು ಬರುವ ಸಂಭವ ಹೆಚ್ಚು. ವೈರಿನ ಇಯರ್‌ಫೋನಿಗೆ ಇದ್ಯಾವುದರ ಹಂಗಿಲ್ಲ.

ತನ್ನ ಫೋನಿನ ತಡ ಎಷ್ಟೆಂದು ತಿಳಿಯಲು ವಿಶೇಷ ಉಪಕರಣ ಬೇಕಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಮುಟ್ಟಿದರೆ ಸದ್ದಾಗುವ ಡ್ರಮ್ ಆಪನ್ನೋ ಆಟವನ್ನೋ ತೆರೆದು, ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಬೇಕು. ಬೆರಳ ತುದಿಯ ಜೊತೆ ಉಗುರೂ ಗಾಜಿಗೆ ಟಕ್ ಎಂದು ತಾಗುವಂತೆ ಹತ್ತಾರು ಸಲ ಮುಟ್ಟಬೇಕು. ಆ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದು ಹಿಗ್ಗಿಸಿದರೆ ಪ್ರತಿ ಸ್ಪರ್ಶಕ್ಕೂ ಎರಡೆರಡು ಮುಳ್ಳು ಕಾಣುತ್ತವೆ. ಮೊದಲನೆಯದು ಉಗುರು, ಎರಡನೆಯದು ಸ್ಪೀಕರ್. ನಡುವಿನ ಅಂತರವೇ ತಡ. ಅಂತರಗಳ ಸರಾಸರಿ ಎಷ್ಟು ಎನ್ನುವುದರ ಜೊತೆಗೆ ಅವು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂದೂ ನೋಡಬೇಕು. ಹರಡಿಕೊಂಡಿದ್ದರೆ ಅದು ಜಿಟರ್. ಓಬೋ ತಂಡದ ಓಬೋಟೆಸ್ಟರ್ ಆಪ್ ಇದೇ ಪರೀಕ್ಷೆಯನ್ನು ಒಂದೇ ಫೋನಿನ ಮೈಕ್ ಬಳಸಿ ತಾನೇ ಮಾಡಿ ತೋರಿಸುತ್ತದೆ. ಆದರೆ ಅದು ವೇಗದ ದಾರಿ ಬಳಸುವುದರಿಂದ ಅಲ್ಲಿ ಸಿಗುವುದು ಫೋನಿನ ಯೋಗ್ಯತೆ. ಆಟದಲ್ಲಿ ಅಳೆದದ್ದು ಅದಕ್ಕಿಂತ ಬಹಳ ಹೆಚ್ಚಿದ್ದರೆ ತಪ್ಪು ಆಟದ ಕಡೆಗಿದೆ.

ಆಡುವವರು ಮಾಡಬಹುದಾದದ್ದು ಕೆಲವೇ. ವೈರಿನ ಇಯರ್‌ಫೋನ್ ಅಥವಾ ಫೋನಿನ ಸ್ಪೀಕರ್ ಬಳಸುವುದು. ದನಿಗೆ ಮೆರುಗು ಕೊಡುವ ಈಕ್ವಲೈಸರ್, ಸರೌಂಡ್‌ನಂಥ ಪರಿಣಾಮಗಳನ್ನು ಆಡುವಾಗ ಆರಿಸಿಡುವುದು. ಇವು ಕೆಲವೊಮ್ಮೆ ದನಿಯನ್ನು ವೇಗದ ದಾರಿಯಿಂದ ಹೊರಗೆಳೆಯುತ್ತವೆ. ಇಯರ್‌ಫೋನ್ ಬದಲಿಸಿದಾಗ, ಆಂಡ್ರಾಯ್ಡ್ ಅಪ್‌ಡೇಟ್ ಆದಾಗ ಮತ್ತೊಮ್ಮೆ ಕ್ಯಾಲಿಬ್ರೇಷನ್ ಮಾಡುವುದು. ಇಷ್ಟಾದರೂ ಮುಟ್ಟಿದ ಸದ್ದು ಹಿಂದೆ ಬೀಳುತ್ತಿದ್ದರೆ ನುರಿತ ಆಟಗಾರರಲ್ಲಿ ಅನೇಕರು ಮಾಡುವುದನ್ನೇ ಮಾಡಬಹುದು: ಆ ಸದ್ದನ್ನು ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಆರಿಸಿ, ಹಾಡನ್ನಷ್ಟೇ ಉಳಿಸಿಕೊಂಡು ಆಡುವುದು. ಇದರಿಂದ ಅಂಕಕ್ಕೆ ಯಾವ ಕುಂದೂ ಇಲ್ಲ.